7.20% ಎಂದ ಸಾಲಕ್ಕೆ 13.75%: ಕ್ಯಾಲ್ಕುಲೇಟರ್ ಹಿಡಿದು ನ್ಯೂಟನ್ ವಿಧಾನದಲ್ಲಿ ಬಡ್ಡಿ ದರ ಹುಡುಕುವುದು

ಸ್ವೀಡನ್ನಿನಲ್ಲಿ ಯಾವ ಬ್ಯಾಂಕಿನಿಂದ ಸಾಲದ ಪ್ರಸ್ತಾವ ಬಂದರೂ ಅದರಲ್ಲಿ ಎರಡು ಬಡ್ಡಿ ದರ ಇರುತ್ತವೆ. ದಪ್ಪ ಅಕ್ಷರದಲ್ಲಿರುವುದು ಬರೀ ರೆಂಟಾ, ಅಂದರೆ ನಾಮಮಾತ್ರ ಬಡ್ಡಿ. ಇನ್ನೊಂದು ಎಫೆಕ್ಟಿವ್ ರೆಂಟಾ. ಸಾಲ ತೆಗೆದುಕೊಳ್ಳಲು ಕಟ್ಟಲೇಬೇಕಾದ ಶುಲ್ಕಗಳನ್ನೆಲ್ಲ ಸೇರಿಸಿ, ವರ್ಷದ ಲೆಕ್ಕಕ್ಕೆ ತಂದ ದರ ಅದು. 2011ರಿಂದ ಜಾರಿಯಲ್ಲಿರುವ ಗ್ರಾಹಕ ಸಾಲ ಕಾನೂನಿನ ಪ್ರಕಾರ ಇದನ್ನು ತೋರಿಸಲೇಬೇಕು. ಐರೋಪ್ಯ ಒಕ್ಕೂಟದ ಉಳಿದ ದೇಶಗಳಲ್ಲೂ ಇದೇ ನಿಯಮ ಬೇರೆ ಹೆಸರಿನಲ್ಲಿದೆ, ಹಾಗಾಗಿ ಜರ್ಮನಿ, ನೆದರ್ಲೆಂಡ್ಸ್‌ನಲ್ಲಿ ಓದುತ್ತಿರುವವರಿಗೂ ಇಲ್ಲಿಯ ಲೆಕ್ಕ ಹಾಗೇ ಅನ್ವಯಿಸುತ್ತದೆ.

"ಸರಿ, ಎರಡನೆಯ ಅಂಕಿ ನೋಡಿಕೊಂಡರೆ ಮುಗಿಯಿತಲ್ಲ" ಎಂದು ನೀವು ಕೇಳಬಹುದು. ಬಹುಪಾಲು ಮುಗಿಯಿತು. ಆದರೆ "ಕಟ್ಟಲೇಬೇಕಾದ" ಎಂಬ ಮಾತನ್ನು ಗಮನಿಸಿ. ಸಾಲ ಸಿಗಲು ಕಡ್ಡಾಯವಲ್ಲದ, ನೀವಾಗಿಯೇ ಟಿಕ್ ಹಾಕಿದ ವಿಮೆಯ ಕಂತು ಈ ದರದೊಳಗೆ ಬರುವುದಿಲ್ಲ. ನಿಮ್ಮ ಖಾತೆಯಿಂದ ಪ್ರತಿ ತಿಂಗಳು ಹೋಗುವ ಮೊತ್ತದಲ್ಲಿ ಮಾತ್ರ ಅದು ಇರುತ್ತದೆ. ಅಂದರೆ ನಿಜವಾಗಿ ಕೈಬಿಡುವ ಹಣಕ್ಕೆ ಯಾವ ದರ ಎಂಬುದನ್ನು ಯಾವ ಕಾಗದವೂ ಹೇಳುವುದಿಲ್ಲ. ನಾವೇ ಹುಡುಕಬೇಕು.

ಗೋಥೆನ್‌ಬರ್ಗಿನಲ್ಲಿರುವ ಗೆಳೆಯನೊಬ್ಬ ಕಳೆದ ಚಳಿಗಾಲದಲ್ಲಿ ಇಂಥದೇ ಒಂದು ಪ್ರಸ್ತಾವ ಕಳಿಸಿದ್ದ. ಊರಿನಿಂದ ಅಪ್ಪ-ಅಮ್ಮನನ್ನು ಕರೆಸಿಕೊಳ್ಳುವುದು, ಅದಕ್ಕೆ ಮುಂಚೆ ಮನೆ ಬದಲಿಸುವುದು, ಎಲ್ಲ ಒಟ್ಟಿಗೆ ಬಂದಿತ್ತು. "ಏಳು ಪರ್ಸೆಂಟ್ ಚಿಲ್ಲರೆ ಮಾರಾಯ, ತಗೊಂಡುಬಿಡ್ಲಾ? ಬ್ಯಾಂಕ್‌ಐಡಿಯಲ್ಲಿ ಸಹಿ ಹಾಕೋದೊಂದೇ ಬಾಕಿ" ಎಂದ. ಸಾಲ ಕೊಡುವವರ ಹೆಸರು ಇಲ್ಲಿ ಬೇಡ, ಅಂಕಿಗಳು ಸಾಕು.

ಸಾಲ 60,000 ಕ್ರೋನ, 36 ತಿಂಗಳು, ನಾಮಮಾತ್ರ ಬಡ್ಡಿ ವರ್ಷಕ್ಕೆ 7.20%. ಕಂತು 1,858 ಕ್ರೋನ. ಪ್ರತಿ ತಿಂಗಳ ಬಿಲ್ಲಿಗೆ 45 ಕ್ರೋನ ಶುಲ್ಕ (ಇಲ್ಲಿಯವರು ಅವಿ-ಆವ್‌ಯಿಫ್ಟ್ ಎನ್ನುವುದು ಇದನ್ನೇ). ಸಾಲ ವಿಮೆ ತಿಂಗಳಿಗೆ 97 ಕ್ರೋನ. ಸಾಲ ತೆರೆಯುವ ಶುಲ್ಕ 600 ಕ್ರೋನ, ಅದನ್ನು ಮೊದಲೇ ಮುರಿದುಕೊಂಡು 59,400 ಕ್ರೋನ ಖಾತೆಗೆ ಹಾಕುತ್ತಾರೆ.

ಹೆಸರುಗಳನ್ನೆಲ್ಲ ಬದಿಗಿಟ್ಟು ಹಣದ ಓಡಾಟವನ್ನಷ್ಟೇ ನೋಡಿ. ಇವತ್ತು ಕೈಗೆ 59,400 ಬರುತ್ತದೆ. ಮುಂದಿನ 36 ತಿಂಗಳು, ತಿಂಗಳಿಗೆ 1,858 + 45 + 97 = 2,000 ಹೋಗುತ್ತದೆ. ಪ್ರಶ್ನೆ ಇಷ್ಟೇ: ತಿಂಗಳಿಗೆ ಎಷ್ಟು ಬಡ್ಡಿ ಹಾಕಿದರೆ ಈ 36 ಕಂತುಗಳ ಇಂದಿನ ಬೆಲೆ ಸರಿಯಾಗಿ 59,400 ಆಗುತ್ತದೆ?

ಸಮ ಕಂತಿನ ಸೂತ್ರ ನಿಮಗೆ ಗೊತ್ತಿರುತ್ತದೆ. ತಿಂಗಳ ಬಡ್ಡಿ `i` ಆದರೆ:

```
59400 = 2000 × [1 - (1+i)^-36] ÷ i
29.7  = [1 - (1+i)^-36] ÷ i
```

ಎರಡನೆಯ ಸಾಲಿನಲ್ಲಿ ಮಾಡಿದ್ದು ಎರಡೂ ಕಡೆ 2000ದಿಂದ ಭಾಗಿಸಿದ್ದು ಮಾತ್ರ. ದರ ಗೊತ್ತಿದ್ದು ಕಂತು ಬೇಕಾದರೆ ಒಂದೇ ಏಟಿಗೆ ಉತ್ತರ. ಕಂತು ಗೊತ್ತಿದ್ದು ತಿಂಗಳುಗಳ ಸಂಖ್ಯೆ ಬೇಕಾದರೆ ಲಾಗರಿದಮ್ ಹಾಕಿದರಾಯಿತು. ದರವೇ ಬೇಕೆಂದಾಗ ಮಾತ್ರ ಕಷ್ಟ, ಏಕೆಂದರೆ `i` ಎರಡು ಕಡೆ ಕೂತಿದೆ: ಒಮ್ಮೆ 36ನೇ ಘಾತದ ಒಳಗೆ, ಇನ್ನೊಮ್ಮೆ ಛೇದದಲ್ಲಿ. ಅದನ್ನು ಎಳೆದು ಒಂದು ಕಡೆಗೆ ತರುವ ಬೀಜಗಣಿತದ ಸೂತ್ರ ಇಲ್ಲ. ಊಹಿಸಿ, ತಿದ್ದಿ, ಮತ್ತೆ ಊಹಿಸಬೇಕು. ಎಷ್ಟು ಜಾಣತನದಿಂದ ತಿದ್ದುತ್ತೇವೆ ಎಂಬುದರಲ್ಲಿ ವ್ಯತ್ಯಾಸ ಇರುವುದು.

ಎಂಬಿಎ ಕ್ಲಾಸಿನಲ್ಲಿ ನಮಗೆ ಕಲಿಸಿದ್ದು ಎರಡು ದರ ಹಿಡಿದು ನಡುವೆ ಸರಳರೇಖೆ ಎಳೆಯುವ ಇಂಟರ್‌ಪೊಲೇಶನ್. ಅದು ಕೆಟ್ಟದ್ದಲ್ಲ, ಆದರೆ ಆ ಎರಡು ದರ ನಿಜವಾದ ದರಕ್ಕೆ ಹತ್ತಿರ ಇಲ್ಲದಿದ್ದರೆ ಎರಡನೇ ದಶಮಾಂಶದಲ್ಲೇ ತಪ್ಪುತ್ತದೆ. ನ್ಯೂಟನ್ ವಿಧಾನಕ್ಕೆ ಒಂದೇ ಊಹೆ ಸಾಕು. ಆ ಊಹೆಯ ಬಿಂದುವಿನಲ್ಲಿ ವಕ್ರರೇಖೆಯ ಇಳಿಜಾರು ಎಷ್ಟಿದೆ ನೋಡಿ, ಅದೇ ಇಳಿಜಾರಿನಲ್ಲಿ ನೇರವಾಗಿ ನಡೆದು ಸೊನ್ನೆಯ ಗೆರೆ ಮುಟ್ಟಿದ ಕಡೆ ಹೊಸ ಊಹೆ. ಐಸಾಕ್ ನ್ಯೂಟನ್ ಹೆಸರಿನಲ್ಲಿದ್ದರೂ, ನಾವು ಇವತ್ತು ಬಳಸುವ ರೂಪಕ್ಕೆ ಹತ್ತಿರವಾದದ್ದನ್ನು 1690ರಲ್ಲಿ ಅಚ್ಚು ಮಾಡಿಸಿದವರು ಜೋಸೆಫ್ ರಾಫ್ಸನ್. ಪುಸ್ತಕಗಳಲ್ಲಿ ಇಬ್ಬರ ಹೆಸರೂ ಜೊತೆಯಾಗಿ ಬರುವುದು ಅದಕ್ಕೇ.

ಸಮೀಕರಣವನ್ನು ಯಾವ ರೂಪದಲ್ಲಿ ಬರೆದುಕೊಳ್ಳುತ್ತೇವೆ ಎಂಬುದು ಕೈಲೆಕ್ಕದಲ್ಲಿ ಬಹಳ ಮುಖ್ಯ. ಮೇಲಿನ ರೂಪದಲ್ಲೇ ಇಟ್ಟರೆ ಭಿನ್ನರಾಶಿಯ ಡೆರಿವೇಟಿವ್ ಬರುತ್ತದೆ, ಕೀಲಿ ಒತ್ತಿ ಒತ್ತಿ ಬೆರಳು ಸೋಲುತ್ತದೆ. ಎರಡೂ ಕಡೆ `i`ಯಿಂದ ಗುಣಿಸಿ ಛೇದವನ್ನು ತೆಗೆದುಬಿಡಿ:

```
g(i)  = 29.7 × i - 1 + (1+i)^-36
g'(i) = 29.7 - 36 × (1+i)^-36 ÷ (1+i)
ಹೊಸ i = i - g ÷ g'
```

`g` ಸೊನ್ನೆಯಾದ ಕಡೆ ನಮ್ಮ ದರ. `g'` ಅಂದರೆ ಇಳಿಜಾರು. ನಿಯಮದ ಪ್ರಕಾರ ಇಳಿಜಾರಿನಲ್ಲಿ 37ನೇ ಘಾತ ಬರಬೇಕು, ಆದರೆ 36ನೇ ಘಾತವನ್ನು ಈಗಾಗಲೇ ಲೆಕ್ಕ ಹಾಕಿರುವುದರಿಂದ ಅದನ್ನೇ ಇನ್ನೊಮ್ಮೆ `(1+i)`ಯಿಂದ ಭಾಗಿಸಿದರೆ ಸಾಕು. ಹಾಗಾಗಿ ಒಂದು ಸುತ್ತಿಗೆ ಒಂದೇ ಒಂದು ಘಾತ. ಉಳಿದದ್ದೆಲ್ಲ ಕೂಡಿಸು, ಕಳೆ, ಭಾಗಿಸು.

ಈಗ ಮೊದಲ ಊಹೆ. ಇದಕ್ಕೊಂದು ಒಳ್ಳೆಯ ಅಡ್ಡದಾರಿ ಇದೆ. ಒಟ್ಟು ಕಟ್ಟುವುದು 72,000, ಕೈಗೆ ಬಂದದ್ದು 59,400. ಹೆಚ್ಚಿಗೆ ಹೋದದ್ದು 12,600, ಅಂದರೆ ಅಸಲಿನ 21.21%. ಸಾಲ ತಿಂಗಳಿಂದ ತಿಂಗಳಿಗೆ ಕರಗುತ್ತಾ ಹೋಗುವುದರಿಂದ ಸರಾಸರಿ ಬಾಕಿ ಸುಮಾರು ಅರ್ಧ ಮಾತ್ರ. ಆದ್ದರಿಂದ ಆ 0.2121 ಅನ್ನು ಎರಡರಿಂದ ಗುಣಿಸಿ, ತಿಂಗಳುಗಳಿಗಿಂತ ಒಂದು ಹೆಚ್ಚಿನ ಸಂಖ್ಯೆಯಿಂದ, ಅಂದರೆ 37ರಿಂದ ಭಾಗಿಸಿ:

```
i = 2 × 0.2121 ÷ 37 = 0.01147
```

ಬಡ್ಡಿಯ ಮೇಲಿನ ಬಡ್ಡಿಯನ್ನು ಇದು ಲೆಕ್ಕಕ್ಕೆ ತೆಗೆದುಕೊಳ್ಳದ ಕಾರಣ ನಿಜವಾದ ದರಕ್ಕಿಂತ ಸ್ವಲ್ಪ ಮೇಲೆಯೇ ನಿಲ್ಲುತ್ತದೆ. ಅದು ನಮಗೆ ಅನುಕೂಲ, ಏಕೆ ಎಂಬುದು ಮುಂದೆ ಗೊತ್ತಾಗುತ್ತದೆ. 0.0115 ಎಂದು ದುಂಡಾಗಿಸಿಕೊಂಡು ಶುರು ಮಾಡೋಣ.

```
i          = 0.0115
(1+i)^-36  = 0.66256435
g          = 0.34155 - 1 + 0.66256435 = 0.00411435
g'         = 29.7 - 36 × 0.66256435 ÷ 1.0115 = 6.11887
g ÷ g'     = 0.0006724
ಹೊಸ i      = 0.0108276
```

ಎರಡನೇ ಸುತ್ತು:

```
i          = 0.0108276
(1+i)^-36  = 0.67861695
g          = 0.32157972 - 1 + 0.67861695 = 0.00019667
g'         = 29.7 - 36 × 0.67861695 ÷ 1.0108276 = 5.53148
g ÷ g'     = 0.0000356
ಹೊಸ i      = 0.0107920
```

ಮೂರನೆಯದು ಖಾತ್ರಿಗೆ. 0.010792 ಹಾಕಿದರೆ ಘಾತ 0.67947791 ಬರುತ್ತದೆ, `g` 0.0000003ಕ್ಕೆ ಇಳಿದಿರುತ್ತದೆ, ತಿದ್ದುಪಡಿ ಏಳು ಸೊನ್ನೆ ದಾಟಿ ಆಚೆ ಹೋಗುತ್ತದೆ: 0.00000006. ದರ 0.0107919. ಇಲ್ಲಿಗೆ ನಿಲ್ಲಿಸಬಹುದು.

ತಿದ್ದುಪಡಿಗಳ ಸಾಲನ್ನೇ ಒಮ್ಮೆ ನೋಡಿ: 0.00067, ಆಮೇಲೆ 0.000036, ಆಮೇಲೆ 0.00000006. ಗುರಿ ಹತ್ತಿರವಾದಂತೆ ಸರಿಯಾದ ಅಂಕಿಗಳು ಪ್ರತಿ ಸುತ್ತಿಗೂ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತವೆ. ಇದು ನ್ಯೂಟನ್ ವಿಧಾನದ ಗುರುತು, ಲೆಕ್ಕ ತಪ್ಪಿದೆಯೇ ಎಂದು ತಿಳಿಯುವ ಮೊದಲ ಉಪಾಯವೂ ಹೌದು. ತಿದ್ದುಪಡಿ ಪ್ರತಿ ಸುತ್ತಿಗೆ ಸುಮ್ಮನೆ ಅರ್ಧ, ಮೂರನೇ ಒಂದು ಎಂದು ಕುಂಟುತ್ತಾ ಇಳಿಯುತ್ತಿದ್ದರೆ ಎಲ್ಲೋ ಕೀಲಿ ತಪ್ಪಿದೆ, ಹೆಚ್ಚಾಗಿ ಇಳಿಜಾರಿನ ಲೆಕ್ಕದಲ್ಲಿ. ಇಳಿಜಾರು ತಪ್ಪಿದರೂ ಉತ್ತರ ಕೊನೆಗೆ ಸರಿಯಾಗಿಯೇ ಬರಬಹುದು, ತಡವಾಗುತ್ತದೆ ಅಷ್ಟೆ. `g` ತಪ್ಪಿದರೆ ಮಾತ್ರ ಉತ್ತರವೇ ತಪ್ಪು. ಹಾಗಾಗಿ ಎರಡು ಸಲ ನೋಡಬೇಕಾದದ್ದು `g` ಅನ್ನು.

ಕೊನೆಯ ತಾಳೆ ಮೂಲ ಸೂತ್ರದಲ್ಲೇ: 1ರಿಂದ 0.67947791 ಕಳೆದು 0.010792ರಿಂದ ಭಾಗಿಸಿದರೆ 29.69997, ಅದನ್ನು 2000ರಿಂದ ಗುಣಿಸಿದರೆ 59,399.94 ಕ್ರೋನ. ಆರು ಓರೆ ವ್ಯತ್ಯಾಸ. ಓರೆ ನಾಣ್ಯಗಳೇ ಚಲಾವಣೆಯಲ್ಲಿಲ್ಲದ ದೇಶದಲ್ಲಿ ಇದಕ್ಕಿಂತ ನಿಖರತೆ ಬೇಡ.

ತಿಂಗಳಿಗೆ 1.0792%. ಇದನ್ನು 12ರಿಂದ ಗುಣಿಸಿದರೆ 12.95%. ಆದರೆ ಎಫೆಕ್ಟಿವ್ ರೆಂಟಾ ಜೊತೆ ಹೋಲಿಸಬೇಕಾದರೆ ಗುಣಿಸುವುದಲ್ಲ, 12ನೇ ಘಾತಕ್ಕೆ ಏರಿಸಬೇಕು: `1.0107919^12 = 1.1375`. ವರ್ಷಕ್ಕೆ 13.75%.

ಗೆಳೆಯನ ಕಾಗದದಲ್ಲಿದ್ದ ಎಫೆಕ್ಟಿವ್ ರೆಂಟಾ 9.93%. ಅದೇನೂ ಸುಳ್ಳಲ್ಲ. ವಿಮೆಯನ್ನು ಬಿಟ್ಟು ಕಂತು 1,903 ಎಂದು ಹಿಡಿದು ಇದೇ ಲೆಕ್ಕ ಮಾಡಿದರೆ (29.7ರ ಬದಲು 59,400 ÷ 1,903 = 31.21387, ಶುರುವಿಗೆ 0.0083) ತಿಂಗಳಿಗೆ 0.7924% ಬರುತ್ತದೆ, ವರ್ಷಕ್ಕೆ ಸರಿಯಾಗಿ 9.93%. ಬ್ಯಾಂಕಿನ ಗಣಕವೂ ನಮ್ಮ ಕ್ಯಾಲ್ಕುಲೇಟರೂ ಒಂದೇ ಮಾತು ಹೇಳಿದವು. ಹೊಸ ಸಾಲದ ಲೆಕ್ಕಕ್ಕೆ ಕೂರುವಾಗ ನಾನು ಮೊದಲು ಮಾಡುವುದೇ ಇದು: ಅವರು ಛಾಪಿಸಿದ ದರವನ್ನು ನನ್ನ ಕೈಯಲ್ಲಿ ಮರಳಿ ತರಿಸುವುದು. ಅದು ಬಂದರೆ ಹಣದ ಓಡಾಟವನ್ನು ನಾನು ಸರಿಯಾಗಿ ಅರ್ಥ ಮಾಡಿಕೊಂಡಿದ್ದೇನೆ ಎಂದರ್ಥ. ಬರದಿದ್ದರೆ ಯಾವುದೋ ಶುಲ್ಕ ನನ್ನ ಕಣ್ಣಿಗೆ ಬಿದ್ದಿಲ್ಲ.

ಇನ್ನು ಈ ವಿಧಾನ ಕೈಕೊಡುವ ಜಾಗ. ಮೊದಲ ಊಹೆಗೆ ನಾನು ಅಷ್ಟು ಜಾಗ ಕೊಟ್ಟದ್ದು ಸುಮ್ಮನೆ ಅಲ್ಲ. ಛೇದ ತೆಗೆಯಲು ಎರಡೂ ಕಡೆ `i`ಯಿಂದ ಗುಣಿಸಿದೆವಲ್ಲ, ಆಗ ಒಂದು ಕಳ್ಳ ಉತ್ತರವನ್ನೂ ಒಳಗೆ ಬಿಟ್ಟುಕೊಂಡೆವು. `i = 0` ಹಾಕಿ ನೋಡಿ: 0 − 1 + 1 = 0. ಯಾವ ಸಾಲಕ್ಕಾದರೂ `g` ಸೊನ್ನೆಯಲ್ಲಿ ಸೊನ್ನೆಯೇ. ರೇಖೆಯ ಆಕಾರ ಒಂದು ಬಟ್ಟಲಿನಂತೆ. ಸೊನ್ನೆಯಲ್ಲಿ ಗೆರೆ ಮುಟ್ಟಿ, ಕೆಳಗಿಳಿದು, ತಳ ಮುಟ್ಟಿ, ಮತ್ತೆ ಮೇಲೆ ಬಂದು ನಿಜವಾದ ದರದಲ್ಲಿ ಗೆರೆ ದಾಟುತ್ತದೆ. ನಮ್ಮ ಲೆಕ್ಕದಲ್ಲಿ ಬಟ್ಟಲಿನ ತಳ ಇರುವುದು 0.0052ರ ಹತ್ತಿರ, ನಿಜವಾದ ದರದ ಹೆಚ್ಚುಕಡಿಮೆ ಅರ್ಧಕ್ಕೆ.

ತಳದ ಬಲಕ್ಕೆ ಶುರು ಮಾಡಿದರೆ ನಿಜವಾದ ಉತ್ತರಕ್ಕೆ ಬಂದೇ ಬರುತ್ತೀರಿ. ಎಡಕ್ಕೆ ಶುರು ಮಾಡಿದರೆ ಕಳ್ಳ ಉತ್ತರಕ್ಕೆ. ಉದಾಹರಣೆಗೆ "ಆರು ಪರ್ಸೆಂಟ್ ಇರಬಹುದು" ಎಂದು 0.005 ಹಾಕಿದಿರಿ ಎಂದುಕೊಳ್ಳಿ. `g` −0.015855, ಇಳಿಜಾರು −0.23355. ಹೊಸ ಊಹೆ −0.0629! ತಿಂಗಳಿಗೆ ಮೈನಸ್ ಆರು ಪರ್ಸೆಂಟ್. ಧೈರ್ಯ ಮಾಡಿ ಮುಂದುವರಿಸಿದರೆ ಅದು ನಿಧಾನವಾಗಿ ಮೇಲೆ ಹತ್ತಿ ಸೊನ್ನೆಯಲ್ಲಿ ನಿಲ್ಲುತ್ತದೆ. ಸೊನ್ನೆ ಬಡ್ಡಿಯ ಸಾಲ ಎಂದು ಕ್ಯಾಲ್ಕುಲೇಟರ್ ಹೇಳುತ್ತದೆ. ಊರಿನಲ್ಲಿ ಫ್ರಿಜ್, ಟಿವಿ ಮಾರುತ್ತಿದ್ದವರ ಬಾಯಲ್ಲಿ ಈ ಉತ್ತರ ಕೇಳಿದ್ದೇವೆ. ಶೂನ್ಯ ಬಡ್ಡಿ ಎಂಬುದೊಂದು ಇಲ್ಲವೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲಿ ಬ್ಯಾಂಕುಗಳಿಗೆ ಬರೆದು ತಿಳಿಸಬೇಕಾಯಿತು.

ತಳದ ಬಲಕ್ಕೇ ಇದ್ದರೂ ತೀರಾ ಹತ್ತಿರ ಇದ್ದರೆ ಇನ್ನೊಂದು ತಮಾಷೆ. ಕಾಗದದಲ್ಲಿರುವ 7.20% ಅನ್ನೇ 12ರಿಂದ ಭಾಗಿಸಿ 0.006ರಿಂದ ಶುರು ಮಾಡುವುದು ಯಾರಿಗಾದರೂ ಮೊದಲು ಹೊಳೆಯುವ ಊಹೆ. ಅಲ್ಲಿ ರೇಖೆ ಹೆಚ್ಚುಕಡಿಮೆ ಚಪ್ಪಟೆ, ಇಳಿಜಾರು 0.848 ಮಾತ್ರ. ಚಪ್ಪಟೆ ಗೆರೆಯ ಮೇಲೆ ನಡೆದರೆ ಬಹಳ ದೂರ ಹೋಗಿ ಸೊನ್ನೆ ಮುಟ್ಟುತ್ತೇವೆ: 0.0243. ಅಲ್ಲಿಂದ 0.0147, ಆಮೇಲೆ 0.0115. ಮೂರು ಸುತ್ತು ಕಳೆದು, ನಾವು ಅಡ್ಡದಾರಿಯಲ್ಲಿ ಶುರು ಮಾಡಿದ ಜಾಗಕ್ಕೇ ಬಂದು ನಿಂತೆವು. ಉತ್ತರ ಸಿಗುತ್ತದೆ, ನಿಜ. ಕೈಯಲ್ಲಿ ಮಾಡುವವನಿಗೆ ಮೂರು ಸುತ್ತು ಅಂದರೆ ಮೂರು 36ನೇ ಘಾತ.

ಆದ್ದರಿಂದ ಕೈಲೆಕ್ಕದಲ್ಲಿ ನೋಡಬೇಕಾದ ಚಿಹ್ನೆ ಒಂದೇ: ಇಳಿಜಾರು. ಅದು ಮೈನಸ್ ಬಂದರೆ ತಕ್ಷಣ ನಿಲ್ಲಿಸಿ, ಊಹೆಯನ್ನು ದುಪ್ಪಟ್ಟು ಮಾಡಿ ಮತ್ತೆ ಶುರು ಮಾಡಿ. ಉತ್ತರದ ಮೇಲಿನಿಂದ ಶುರು ಮಾಡಿದರೆ ಬಟ್ಟಲಿನ ಒಳಮೈಯಲ್ಲಿ ಇಳಿದಂತೆ ಪ್ರತಿ ಸುತ್ತಿಗೂ ಕೆಳಗೇ ಬರುತ್ತೀರಿ, ಗುರಿ ದಾಟಿ ಹೋಗುವುದಿಲ್ಲ. `g` ಕೊನೆಯವರೆಗೂ ಪ್ಲಸ್ ಆಗಿಯೇ ಇರುತ್ತದೆ. ನಡುವೆ ಸ್ಪಷ್ಟವಾಗಿ ಮೈನಸ್ ಕಂಡರೆ ಕೂಡಿಸುವುದರಲ್ಲಿ ತಪ್ಪಿದೆ.

ಕ್ಯಾಲ್ಕುಲೇಟರ್ ಬಗ್ಗೆ ಸ್ವಲ್ಪ. ಘಾತದ ಕೀಲಿ ಇರುವ ಸೈಂಟಿಫಿಕ್ ಕ್ಯಾಲ್ಕುಲೇಟರ್ ಇದ್ದರೆ ಏನೂ ಕಷ್ಟವಿಲ್ಲ. ಅಂಗಡಿಯ ಮಾಮೂಲಿ ಕ್ಯಾಲ್ಕುಲೇಟರಿನಲ್ಲೂ ಆಗುತ್ತದೆ. 36 ಅಂದರೆ 32 + 4. 1.0115 ಅನ್ನು ಅದರಿಂದಲೇ ಗುಣಿಸಿ ವರ್ಗ ಮಾಡಿ, ಮತ್ತೊಮ್ಮೆ ವರ್ಗ ಮಾಡಿದರೆ 4ನೇ ಘಾತ. ಅದನ್ನು ಮೆಮೊರಿಗೆ ಹಾಕಿ. ಇನ್ನು ಮೂರು ಸಲ ವರ್ಗ ಮಾಡಿದರೆ 8, 16, 32. ಮೆಮೊರಿಯಲ್ಲಿರುವುದರಿಂದ ಗುಣಿಸಿದರೆ 36. 1 ಅನ್ನು ಅದರಿಂದ ಭಾಗಿಸಿದರೆ ನಮಗೆ ಬೇಕಾದ 0.66256. ಒಟ್ಟು ಆರು ಗುಣಾಕಾರ, ಒಂದು ಭಾಗಾಕಾರ.

ಇಲ್ಲಿ ದುಂಡಾಗಿಸುವ ಆಸೆಗೆ ಬೀಳಬೇಡಿ. `g` ಎಂಬುದು ಹೆಚ್ಚುಕಡಿಮೆ ಸಮವಾದ ಎರಡು ಅಂಕಿಗಳ ವ್ಯತ್ಯಾಸ, ದೊಡ್ಡ ಅಂಕಿಗಳೆಲ್ಲ ಹೊಡೆದು ಹೋಗಿ ಬಾಲ ಮಾತ್ರ ಉಳಿಯುತ್ತದೆ. ಘಾತವನ್ನು ಮೂರೇ ದಶಮಾಂಶಕ್ಕೆ ಬರೆದುಕೊಂಡರೆ 0.0005ವರೆಗೆ ತಪ್ಪಿರಬಹುದು. ಅದನ್ನು ಇಳಿಜಾರು 5.5ರಿಂದ ಭಾಗಿಸಿದರೆ ತಿಂಗಳ ದರದಲ್ಲಿ 0.00009, ವರ್ಷದ ದರದಲ್ಲಿ 0.1 ಪರ್ಸೆಂಟಿಗೂ ಹೆಚ್ಚು ತಪ್ಪು. ಐದು ದಶಮಾಂಶ ಇಟ್ಟುಕೊಂಡರೆ ವರ್ಷದ ದರದ ಎರಡನೇ ದಶಮಾಂಶದವರೆಗೆ ನಂಬಬಹುದು. ಪರದೆಯಲ್ಲಿ ಬಂದ ಎಲ್ಲ ಅಂಕಿಗಳನ್ನೂ ಇಟ್ಟುಕೊಂಡರೆ ಈ ಯೋಚನೆಯೇ ಬೇಡ.

ಎಚ್‌ಪಿ-12ಸಿ ಇರುವವರು ನಗುತ್ತಿರಬಹುದು. 1981ರಿಂದ ಮಾರಾಟದಲ್ಲಿರುವ ಆ ಯಂತ್ರದಲ್ಲಿ `36 n`, `59400 PV`, `2000 CHS PMT` ಕೊಟ್ಟು `i` ಒತ್ತಿದರೆ ಪರದೆಯ ಮೇಲೆ `running` ಎಂದು ಮಿನುಗಿ ಆಮೇಲೆ 1.08 ಬರುತ್ತದೆ. ಉಳಿದ ಕೀಲಿಗಳಿಗೆ ಥಟ್ಟನೆ ಬರುವ ಉತ್ತರ ಇದಕ್ಕೆ ಮಾತ್ರ ತಡ. ಆ ಮಿನುಗುವ ಹೊತ್ತಿನಲ್ಲಿ ಒಳಗೆ ನಡೆಯುವುದೂ ಊಹಿಸು-ತಿದ್ದು ಆಟವೇ. ಸ್ವೀಡಿಷ್ ಎಕ್ಸೆಲ್‌ನಲ್ಲಿ `=RÄNTA(36;-2000;59400)`. ಅದಕ್ಕೆ ನಾಲ್ಕನೇ, ಐದನೇ ಜಾಗ ಖಾಲಿ ಬಿಟ್ಟು ಕೊನೆಯಲ್ಲಿ ಮೊದಲ ಊಹೆಯನ್ನೂ ಕೊಡಬಹುದು. ದೊಡ್ಡ ಅವಧಿಯ ಸಾಲಗಳಲ್ಲಿ ಅದು ದೋಷ ತೋರಿಸಿದರೆ ಅಲ್ಲಿ ನಮ್ಮ ಅಡ್ಡದಾರಿಯ ಅಂಕಿ ಹಾಕಿ, ಸಾಮಾನ್ಯವಾಗಿ ಸರಿಹೋಗುತ್ತದೆ.

ಊರಿನ ಸಾಲಗಳಿಗೂ ಇದನ್ನೇ ಬಳಸಬಹುದು. ಬೈಕ್ ಸಾಲ, ಹಳೇ ಕಾರಿನ ಸಾಲಕ್ಕೆ ಫೈನಾನ್ಸಿನವರು "ಫ್ಲಾಟ್ ರೇಟ್" ಎನ್ನುತ್ತಾರಲ್ಲ, ಕರಗುತ್ತಿರುವ ಬಾಕಿಯನ್ನು ಲೆಕ್ಕಿಸದೆ ಇಡೀ ಅಸಲಿನ ಮೇಲೆ ಇಡೀ ಅವಧಿಗೆ ಬಡ್ಡಿ. ನಮ್ಮ ಗೆಳೆಯನ ಸಾಲವನ್ನು ಅವರ ಭಾಷೆಯಲ್ಲಿ ಹೇಳಿದರೆ 21.21% ಅನ್ನು ಮೂರು ವರ್ಷಕ್ಕೆ ಹಂಚಿ "ಫ್ಲಾಟ್ 7.07". 13.75% ಸಾಲ ಅಲ್ಲಿ ಏಳು ಪರ್ಸೆಂಟಿನ ಸಾಲವಾಗಿಬಿಡುತ್ತದೆ. ಫ್ಲಾಟ್ ದರ ಕೊಟ್ಟಾಗ ಒಟ್ಟು ಹೆಚ್ಚುವರಿ ಹಣ ನೇರವಾಗಿ ಸಿಗುವುದರಿಂದ ಮೊದಲ ಊಹೆಗೆ ಶ್ರಮವೇ ಇಲ್ಲ.

ವಿಮೆಯ ವಿಷಯದಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. 97 ಕ್ರೋನವನ್ನು ಪೂರ್ತಿ ಬಡ್ಡಿ ಎಂದು ಹಿಡಿದದ್ದು ನಮ್ಮ ಆಯ್ಕೆ. ವಿಮೆಗೆ ಅದರದ್ದೇ ಬೆಲೆ ಇದೆ. ಬೇರೆ ಯಾವ ರಕ್ಷಣೆಯೂ ಇಲ್ಲದವನು ಕೆಲಸ ಹೋದರೆ ಕಂತು ಕಟ್ಟಲು ಅದನ್ನು ಕೊಳ್ಳಬಹುದು, ಆಗ ಅದು ಸಾಲದ ಖರ್ಚಲ್ಲ. ಗೆಳೆಯನಿಗೆ ನಿರುದ್ಯೋಗ ವಿಮೆಯ ಆ-ಕಸ್ಸಾ ಇತ್ತು, ಅದರ ಮೇಲೆ ಯೂನಿಯನ್ ಸದಸ್ಯತ್ವದ ಜೊತೆ ಬರುವ ಆದಾಯ ವಿಮೆಯೂ ಇತ್ತು. ಅದೇ ಅಪಾಯಕ್ಕೆ ಮೂರನೇ ಸಲ ದುಡ್ಡು ಕೊಡುವವನಿಗೆ 97 ಕ್ರೋನ ಬಡ್ಡಿಯೇ. ಎರಡನೆಯ ಸಂಗತಿ, 45 ಕ್ರೋನದ ಬಿಲ್ ಶುಲ್ಕ. ಆ ಒಪ್ಪಂದದಲ್ಲಿ ಆಟೋಗೀರೋ ಹಾಕಿಸಿದರೆ, ಅಂದರೆ ಖಾತೆಯಿಂದ ತಾನೇ ಕಡಿತವಾಗುವಂತೆ ಮಾಡಿದರೆ, ಅದು ಇರಲಿಲ್ಲ. ಎರಡನ್ನೂ ತೆಗೆದರೆ ಕಂತು ಬರೀ 1,858. ಅದೇ ಲೆಕ್ಕ ಇನ್ನೊಮ್ಮೆ: ತಿಂಗಳಿಗೆ 0.6564%, ವರ್ಷಕ್ಕೆ 8.17%. ಸಾಲ ಕೊಡುವವರೂ ಅದೇ, ದಪ್ಪ ಅಕ್ಷರದ 7.20% ಕೂಡ ಅದೇ. ಮೂರು ವರ್ಷದಲ್ಲಿ ಉಳಿಯುವುದು 5,112 ಕ್ರೋನ. ಭದ್ರತೆ ಇಲ್ಲದ ಸಾಲದ ಬಡ್ಡಿಗೆ ಸಿಗುತ್ತಿದ್ದ ತೆರಿಗೆ ಕಡಿತವೂ 2025ರಲ್ಲಿ ಅರ್ಧವಾಗಿ 2026ರಿಂದ ನಿಂತಿರುವುದರಿಂದ, ಈಗ ಈ ದರಗಳನ್ನು ತೆರಿಗೆಯ ನೆಪದಲ್ಲಿ ಕಡಿಮೆ ಮಾಡಿ ನೋಡುವ ಹಾಗಿಲ್ಲ.

ಈ ಸೂತ್ರ ನಿಲ್ಲುವುದು ಮೂರು ಷರತ್ತಿನ ಮೇಲೆ: ಎಲ್ಲ ಕಂತುಗಳೂ ಸಮ, ಅಂತರವೂ ಸಮ, ಮೊದಲ ಕಂತು ಸರಿಯಾಗಿ ಒಂದು ತಿಂಗಳ ನಂತರ. ಇಲ್ಲಿಯ ಸಾಲಗಳಲ್ಲಿ ಕಂತು ತಿಂಗಳ ಕೊನೆಗೆ ಬರುವುದು ಹೆಚ್ಚು. ಹಣ ತಿಂಗಳ ನಡುವೆ ಕೈಸೇರಿದರೆ ಮೊದಲ ಅಂತರ ಒಂದೂವರೆ ತಿಂಗಳಾಗಬಹುದು. ಆಗ ನಿಜವಾದ ದರ ನಾವು ಲೆಕ್ಕ ಹಾಕಿದ್ದಕ್ಕಿಂತ ಸ್ವಲ್ಪ ಕಡಿಮೆ, ಏಕೆಂದರೆ ಅದೇ ಹಣವನ್ನು ಸ್ವಲ್ಪ ತಡವಾಗಿ ಕಟ್ಟುತ್ತೀರಿ. ಬಡ್ಡಿ ಬದಲಾಗುವ ಸಾಲವಾದರೆ ಇವತ್ತಿನ ದರಕ್ಕೆ ಮಾತ್ರ ಉತ್ತರ. ಪ್ರತಿ ತಿಂಗಳು ಅಸಲು ಸಮವಾಗಿ ಇಳಿದು ಕಂತು ಕಡಿಮೆಯಾಗುತ್ತಾ ಹೋಗುವ ರಾಕ್ ಅಮೊರ್ಟೇರಿಂಗ್ ಸಾಲಕ್ಕೆ ಈ ಸೂತ್ರ ಹೊಂದುವುದಿಲ್ಲ. ಅಲ್ಲೂ ನ್ಯೂಟನ್ ನಡೆಯುತ್ತದೆ, ಆದರೆ ಪ್ರತಿ ಕಂತನ್ನೂ ಬೇರೆ ಬೇರೆಯಾಗಿ ಇಂದಿನ ಬೆಲೆಗೆ ಇಳಿಸಬೇಕು, ಆಗ ಎಕ್ಸೆಲ್ ತೆರೆಯುವುದೇ ಮೇಲು. ಸಾಲವನ್ನು ಅವಧಿಗೆ ಮುಂಚೆ ತೀರಿಸುವ ಯೋಚನೆ ಇದ್ದರೆ ಮೊದಲೇ ಮುರಿದುಕೊಂಡ 600 ಕ್ರೋನ ಕಡಿಮೆ ತಿಂಗಳುಗಳ ಮೇಲೆ ಹಂಚಿಕೆಯಾಗಿ ದರ ಮೇಲೇರುತ್ತದೆ ಎಂಬುದೂ ನೆನಪಿರಲಿ.

ಗೆಳೆಯ ವಿಮೆಯ ಟಿಕ್ ತೆಗೆದು, ಆಟೋಗೀರೋ ಹಾಕಿಸಿ ಸಹಿ ಮಾಡಿದ. ಹೊಸ ಕಾಗದದಲ್ಲಿ ಎಫೆಕ್ಟಿವ್ ರೆಂಟಾ 8.17% ಎಂದೇ ಬಂದಿತ್ತು.